ಪಾಲಿಸಿಯ ಹೊರತುಪಡಿಕೆಗಳನ್ನು ಓದುವ ಕ್ರಮ

ಆರೋಗ್ಯ ವಿಮಾ ಪಾಲಿಸಿಯ ಪುಸ್ತಿಕೆಯಲ್ಲಿ ಕಂಪನಿಯು ಯಾವ ವೆಚ್ಚಗಳನ್ನು ಭರಿಸುತ್ತದೆ ಎಂದು ಹೇಳುವ ಭಾಗ ಒಂದಾದರೆ, ಯಾವ ವೆಚ್ಚಗಳನ್ನು ಭರಿಸುವುದಿಲ್ಲ ಎಂದು ಹೇಳುವ ಭಾಗ ಇನ್ನೊಂದು. ಎರಡನೆಯದನ್ನು ವಿಮಾ ವ್ಯವಹಾರದಲ್ಲಿ ಎಕ್ಸ್‌ಕ್ಲೂಷನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಅವುಗಳನ್ನು ಹೊರತುಪಡಿಕೆಗಳು ಎಂದು ಕರೆಯಬಹುದು. ಹಿಂದೆ ಪ್ರತಿಯೊಂದು ಕಂಪನಿಯೂ ಈ ಭಾಗವನ್ನು ತನಗೆ ಬೇಕಾದ ಮಾತುಗಳಲ್ಲಿ ಬರೆದುಕೊಳ್ಳುತ್ತಿದ್ದುದರಿಂದ ಒಂದು ಪಾಲಿಸಿಯನ್ನು ಮತ್ತೊಂದರ ಪಕ್ಕದಲ್ಲಿಟ್ಟು ಹೋಲಿಸುವುದೇ ಕಷ್ಟವಾಗಿತ್ತು. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಹೊರತುಪಡಿಕೆಗಳಿಗೆ ಏಕರೂಪದ ಪಠ್ಯವನ್ನು ಗೊತ್ತುಮಾಡಿ, ಅವುಗಳಿಗೆ 1ರಿಂದ 18ರವರೆಗೆ ಸಂಕೇತ ಸಂಖ್ಯೆಗಳನ್ನು ಕೊಟ್ಟಿತು. ಆಗ ಚಾಲ್ತಿಯಲ್ಲಿದ್ದ ಪಾಲಿಸಿಗಳೂ 2020ರ ಅಕ್ಟೋಬರ್ ವೇಳೆಗೆ ಅದೇ ಪಠ್ಯಕ್ಕೆ ಹೊಂದಿಕೊಳ್ಳಬೇಕಾಯಿತು. ಇಂದು ಹೊಸ ಪಾಲಿಸಿಯನ್ನು ತೆರೆದವರಿಗೆ ಕಾಣುವುದು ಬಹುಮಟ್ಟಿಗೆ ಈ ಪಠ್ಯವೇ.

ಹದಿನೆಂಟರಲ್ಲಿ ಮೊದಲ ಮೂರು ನಿಜವಾಗಿ ಶಾಶ್ವತ ನಿರಾಕರಣೆಗಳಲ್ಲ, ಕಾಯುವ ಅವಧಿಗಳು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ, ಪಟ್ಟಿಮಾಡಿದ ಕೆಲವು ನಿರ್ದಿಷ್ಟ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಗಳಿಗೆ, ಹಾಗೂ ಅಪಘಾತವನ್ನು ಬಿಟ್ಟು ಮೊದಲ 30 ದಿನಗಳಲ್ಲಿ ತಲೆದೋರುವ ಯಾವುದೇ ಕಾಯಿಲೆಗೆ ಇಂತಿಷ್ಟು ಕಾಲ ಹಣ ಸಿಗುವುದಿಲ್ಲ ಎಂಬುದು ಅವುಗಳ ತಾತ್ಪರ್ಯ. ಉಳಿದ ಹದಿನೈದು ಸಂಕೇತಗಳಿಗೆ ಕಾಲಮಿತಿ ಇಲ್ಲ. ಸ್ಥೂಲಕಾಯದ ಚಿಕಿತ್ಸೆ 6ನೆಯದು, ಸೌಂದರ್ಯ ಚಿಕಿತ್ಸೆ 8ನೆಯದು, ಬಂಜೆತನದ ಚಿಕಿತ್ಸೆ 17ನೆಯದು. ಹಲ್ಲಿನ ಚಿಕಿತ್ಸೆಗೆ ಮಾತ್ರ ಈ ಹದಿನೆಂಟರಲ್ಲಿ ಸ್ಥಾನವಿಲ್ಲ. ಅದನ್ನು ಕಂಪನಿಗಳು ಸಂಕೇತವಿಲ್ಲದ ತಮ್ಮದೇ ಹೊರತುಪಡಿಕೆಗಳ ಸಾಲಿನಲ್ಲಿ ಸೇರಿಸುತ್ತವೆ ಅಥವಾ ವ್ಯಾಖ್ಯಾನಗಳ ಮೂಲಕ ಹೊರಗಿರಿಸುತ್ತವೆ. ಹೀಗಾಗಿ ಏಕರೂಪದ ಪಟ್ಟಿಯನ್ನಷ್ಟೇ ಓದಿ ನಿಲ್ಲಿಸಿದವರಿಗೆ ಹಲ್ಲಿನ ಸಂಗತಿ ಕಣ್ಣಿಗೇ ಬೀಳದೆ ಹೋಗಬಹುದು.

ಈ ನಾಲ್ಕೂ ಚಿಕಿತ್ಸೆಗಳನ್ನು ಏಜೆಂಟರೂ ಗ್ರಾಹಕರೂ ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ‘ಇವು ಪಾಲಿಸಿಯಲ್ಲಿ ಬರುವುದಿಲ್ಲ’ ಎಂದು ಹೇಳಿ ಮುಗಿಸುತ್ತಾರೆ. ಪಠ್ಯವನ್ನು ನಿಧಾನವಾಗಿ ಓದಿದರೆ ತಿಳಿಯುವುದು ಬೇರೆಯೇ. ಪ್ರತಿಯೊಂದು ಹೊರತುಪಡಿಕೆಯಲ್ಲೂ ನಿರಾಕರಿಸುವ ಒಂದು ಭಾಗವಿರುತ್ತದೆ, ಹಲವುಗಳಲ್ಲಿ ಆ ನಿರಾಕರಣೆಗೆ ಅಪವಾದವಾಗಿ ನಿಲ್ಲುವ ಇನ್ನೊಂದು ಭಾಗವೂ ಇರುತ್ತದೆ, ಮತ್ತು ವಿಮೆದಾರನ ಹಕ್ಕು ಇರುವುದು ಈ ಅಪವಾದದಲ್ಲೇ. ಅಪವಾದವನ್ನು ಓದದೆ ಬಿಟ್ಟವರು ಸಲ್ಲಬೇಕಾದ ಹಣವನ್ನು ಕೇಳುವುದೇ ಇಲ್ಲ. ಅಪವಾದದ ಷರತ್ತುಗಳನ್ನು ಅರ್ಧ ಓದಿದವರು ಆಸ್ಪತ್ರೆಯ ಬಿಲ್ ಕೈಗೆ ಬಂದ ಮೇಲೆ ಉಳಿದರ್ಧವನ್ನು ಕಲಿಯುತ್ತಾರೆ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸ್ಥೂಲಕಾಯಕ್ಕೆ ಸಂಬಂಧಿಸಿದ 6ನೇ ಸಂಕೇತದಲ್ಲಿ. ಕೆಳಗಿನ ಎಲ್ಲ ಷರತ್ತುಗಳನ್ನು ಪೂರೈಸದ ಸ್ಥೂಲಕಾಯದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಕೊಡಲಾಗುವುದಿಲ್ಲ ಎಂಬುದು ಅದರ ಒಕ್ಕಣೆಯ ಸಾರ. ನಿಷೇಧದ ಮೇಲೆ ನಿಷೇಧ ಪೇರಿಸಿದ ಈ ವಾಕ್ಯವನ್ನು ತಿರುಗಿಸಿ ಓದಿದರೆ, ಎಲ್ಲ ಷರತ್ತುಗಳೂ ಪೂರೈಸಿದಾಗ ಆ ವೆಚ್ಚ ಹೊರತುಪಡಿಕೆಯ ವ್ಯಾಪ್ತಿಗೆ ಬೀಳುವುದಿಲ್ಲ ಎಂಬ ಅರ್ಥ ಹೊರಡುತ್ತದೆ. ಷರತ್ತುಗಳು ನಾಲ್ಕು: ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಿರಬೇಕು, ಅದಕ್ಕೆ ವೈದ್ಯಕೀಯ ಶಿಷ್ಟಾಚಾರದ ಬೆಂಬಲವಿರಬೇಕು, ರೋಗಿಗೆ 18 ವರ್ಷ ತುಂಬಿರಬೇಕು, ದೇಹತೂಕದ ಸೂಚ್ಯಂಕ, ಅಂದರೆ ಬಿಎಂಐ, 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಬಿಎಂಐ 40 ಮುಟ್ಟದೆ 35 ಅಥವಾ ಅದಕ್ಕಿಂತ ಹೆಚ್ಚಿದ್ದರೂ ಸಾಕು, ಆದರೆ ಆಗ ನಾಲ್ಕು ತೀವ್ರ ಸಹಕಾಯಿಲೆಗಳಲ್ಲಿ ಒಂದಾದರೂ ಇರಬೇಕು ಮತ್ತು ಶಸ್ತ್ರಚಿಕಿತ್ಸೆಯಲ್ಲದ ಸೌಮ್ಯ ವಿಧಾನಗಳಿಂದ ತೂಕ ಇಳಿಸುವ ಪ್ರಯತ್ನ ವಿಫಲವಾಗಿರಬೇಕು. ಆ ನಾಲ್ಕು ಕಾಯಿಲೆಗಳೆಂದರೆ ಸ್ಥೂಲಕಾಯದಿಂದ ಬಂದ ಹೃದಯಸ್ನಾಯುವಿನ ರೋಗ, ಹೃದಯದ ರಕ್ತನಾಳಗಳ ರೋಗ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯ ತೀವ್ರ ರೂಪ, ಮತ್ತು ಹತೋಟಿಗೆ ಬಾರದ ಎರಡನೇ ಬಗೆಯ ಮಧುಮೇಹ. ಮಂಡಿನೋವು, ಅಧಿಕ ರಕ್ತದೊತ್ತಡ, ಕೊಬ್ಬು ತುಂಬಿದ ಯಕೃತ್ತು ಇವು ತೂಕದಿಂದ ಎಷ್ಟೇ ಉಲ್ಬಣಿಸಿದ್ದರೂ ಈ ಪಟ್ಟಿಯಲ್ಲಿಲ್ಲ.

ಉದಾಹರಣೆಗೆ 165 ಸೆಂಟಿಮೀಟರ್ ಎತ್ತರ, 98 ಕಿಲೋ ತೂಕದ, ಎರಡನೇ ಬಗೆಯ ಮಧುಮೇಹವಿರುವ, 42 ವರ್ಷದ ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಬಹುದು. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಬರುತ್ತದೆ, 1.65ರ ವರ್ಗ ಸುಮಾರು 2.72 ಆಗಿರುವುದರಿಂದ ಆಕೆಯ ಬಿಎಂಐ ಸುಮಾರು 36. ಯಾವ ಸಹಕಾಯಿಲೆಯ ಆಧಾರವೂ ಇಲ್ಲದೆ ಅರ್ಹತೆ ಪಡೆಯಲು ಆಕೆಯ ತೂಕ 109 ಕಿಲೋ ಇರಬೇಕಾಗಿತ್ತು. ಹಾಗಿಲ್ಲದ್ದರಿಂದ ಆಕೆಯ ಕ್ಲೇಮ್ ಸಂಪೂರ್ಣವಾಗಿ ಆಕೆಗಿರುವ ಮಧುಮೇಹವನ್ನೇ ಆಧರಿಸಿ ನಿಲ್ಲಬೇಕು. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ, ಅಂದರೆ ಜಠರವನ್ನು ಕಿರಿದಾಗಿಸುವ ಅಥವಾ ಆಹಾರದ ದಾರಿಯನ್ನು ಬದಲಿಸುವ ಶಸ್ತ್ರಚಿಕಿತ್ಸೆಗೆ ಮುನ್ನ, ಯಕೃತ್ತಿನ ಗಾತ್ರ ತಗ್ಗಿಸಲು ಶಸ್ತ್ರವೈದ್ಯರು ಕೆಲವು ವಾರಗಳ ಕಟ್ಟುನಿಟ್ಟಿನ ಪಥ್ಯ ಸೂಚಿಸುವುದು ವಾಡಿಕೆ. ಆ ಪಥ್ಯದಲ್ಲಿ ಆಕೆ ನಾಲ್ಕು ಕಿಲೋ ಇಳಿದರೆ ದಾಖಲಾತಿಯ ದಿನ ತೂಕ 94 ಕಿಲೋ, ಬಿಎಂಐ 34.5. ಯಾವ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಷರತ್ತು ಹೇಳುವುದಿಲ್ಲ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ದಾಖಲಾತಿಯ ದಿನದ ತೂಕವೊಂದೇ ಇದ್ದರೆ ಕ್ಲೇಮ್ ಪರಿಶೀಲಿಸುವವರು ಅದನ್ನೇ ನೋಡುತ್ತಾರೆ. ಆದ್ದರಿಂದ ಶಸ್ತ್ರಚಿಕಿತ್ಸೆಯನ್ನು ಮೊದಲು ಸೂಚಿಸಿದ ದಿನದ ತೂಕ ಮತ್ತು ಎತ್ತರ ದಿನಾಂಕಸಹಿತ ವೈದ್ಯರ ಟಿಪ್ಪಣಿಯಲ್ಲಿ ಇರಬೇಕಾದುದು ಅತ್ಯಗತ್ಯ.

ಮಧುಮೇಹದ ವಿಷಯದಲ್ಲೂ ಇಂಥದೇ ತೊಡಕಿದೆ. ‘ಹತೋಟಿಗೆ ಬಾರದ’ ಎಂಬುದಕ್ಕೆ ಷರತ್ತಿನಲ್ಲಿ ಅಂಕಿ ಕೊಟ್ಟಿಲ್ಲ. ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದ ಸಕ್ಕರೆ ಹತೋಟಿಗೆ ಬರಲೇಬೇಕೆಂದು ಪಟ್ಟುಹಿಡಿಯುತ್ತಾರೆ, ಅದು ಸರಿಯೇ. ಆದರೆ ಹಾಗೆ ಹತೋಟಿಗೆ ತಂದ ಮೇಲಿನ ವರದಿಯೊಂದನ್ನೇ ಕಂಪನಿಗೆ ಕಳಿಸಿದರೆ, ಕಾಯಿಲೆ ಹತೋಟಿಯಲ್ಲಿದೆ ಎಂಬುದಕ್ಕೆ ಅದೇ ಸಾಕ್ಷಿಯಾಗಿಬಿಡುತ್ತದೆ. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಹಳೆಯ ವರದಿಗಳು, ಔಷಧಿಯ ಪ್ರಮಾಣ ಏರುತ್ತಾ ಹೋದ ಚೀಟಿಗಳು, ಆಹಾರತಜ್ಞರ ಬಳಿ ಹೋಗಿಬಂದ ದಾಖಲೆಗಳು ಇದ್ದರಷ್ಟೇ ಹತೋಟಿ ತಪ್ಪಿತ್ತು ಎಂಬುದೂ ಸೌಮ್ಯ ವಿಧಾನಗಳು ಫಲ ಕೊಡಲಿಲ್ಲ ಎಂಬುದೂ ರುಜುವಾತಾಗುತ್ತವೆ. ಇಷ್ಟಾದರೂ ಸಂಗತಿ ಮುಗಿಯುವುದಿಲ್ಲ. ಆಕೆಯ ಮಧುಮೇಹ ಪಾಲಿಸಿ ಕೊಳ್ಳುವ ಮೊದಲೇ ಇದ್ದು, ಪಾಲಿಸಿಗೆ ಇನ್ನೂ ಎರಡೇ ವರ್ಷವಾಗಿದ್ದರೆ, 6ನೇ ಸಂಕೇತದ ಬಾಗಿಲು ತೆರೆದರೂ 1ನೇ ಸಂಕೇತದ ಬಾಗಿಲು ಮುಚ್ಚಿರಬಹುದು, ಏಕೆಂದರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರ ನಿಯಮಗಳ ಪ್ರಕಾರ ಗರಿಷ್ಠ 36 ತಿಂಗಳು. ಒಂದು ಹೊರತುಪಡಿಕೆಯನ್ನು ಒಂಟಿಯಾಗಿ ಓದಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. 40 ಮತ್ತು 35 ಎಂಬ ಗಡಿಗಳು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 1991ರಲ್ಲಿ ಒಪ್ಪಿದ ಮಾನದಂಡವನ್ನೇ ಹೋಲುತ್ತವೆ. ಬೇರಿಯಾಟ್ರಿಕ್ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಆ ಗಡಿಗಳನ್ನು ಇಳಿಸಿವೆ. ಏಷ್ಯಾದ ಜನರಲ್ಲಿ ಕಡಿಮೆ ಬಿಎಂಐಗೇ ಮಧುಮೇಹದಂತಹ ತೊಂದರೆಗಳು ಕಾಣಿಸಿಕೊಳ್ಳುವುದರಿಂದ ಅವರಿಗೆ ಇನ್ನೂ ಕೆಳಗಿನ ಗಡಿಯನ್ನು ಸೂಚಿಸಿವೆ. ಪಾಲಿಸಿಯ ಪಠ್ಯ ಮಾತ್ರ ಹಳೆಯ ಗಡಿಯಲ್ಲೇ ನಿಂತಿದೆ. ಇದರ ಫಲವಾಗಿ ಬಿಎಂಐ 33 ಇರುವ ಮಧುಮೇಹಿಗೆ ವೈದ್ಯರು ಇಂದಿನ ವೈದ್ಯಶಾಸ್ತ್ರಕ್ಕೆ ಅನುಗುಣವಾಗಿಯೇ ಶಸ್ತ್ರಚಿಕಿತ್ಸೆ ಸೂಚಿಸಬಹುದು, ಕಂಪನಿಯು ಪಾಲಿಸಿಗೆ ಅನುಗುಣವಾಗಿಯೇ ನಿರಾಕರಿಸಬಹುದು. ವೈದ್ಯರು ‘ಅಗತ್ಯ’ ಎಂದದ್ದು ಪಾಲಿಸಿಯಲ್ಲೂ ಅಗತ್ಯವೆಂದು ಎಣಿಕೆಯಾಗುತ್ತದೆ ಎಂಬ ನಂಬಿಕೆ ಕುಸಿಯುವುದು ಇಲ್ಲಿಯೇ, ಮತ್ತು ಈ ಪಠ್ಯವನ್ನು ಭಾರತೀಯರ ದೇಹಕ್ಕೆ ತಕ್ಕಂತೆ ಪರಿಷ್ಕರಿಸಬೇಕಾದ ಹೊಣೆ ಪ್ರಾಧಿಕಾರದ್ದು.

ಸೌಂದರ್ಯ ಚಿಕಿತ್ಸೆಯ 8ನೇ ಸಂಕೇತ ಇಷ್ಟು ಜಟಿಲವಲ್ಲ. ರೂಪವನ್ನು ಬದಲಿಸುವ ಪ್ಲಾಸ್ಟಿಕ್ ಸರ್ಜರಿ ಅಥವಾ ಬೇರೆ ಚಿಕಿತ್ಸೆಗೆ ಹಣವಿಲ್ಲ. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ರಚನೆಗೆ ಈ ನಿರಾಕರಣೆ ಅನ್ವಯಿಸದು, ಮತ್ತು ಆರೋಗ್ಯಕ್ಕೆ ನೇರವೂ ತಕ್ಷಣದ್ದೂ ಆದ ಅಪಾಯವನ್ನು ನಿವಾರಿಸುವ ಚಿಕಿತ್ಸೆಗೂ, ಚಿಕಿತ್ಸೆ ನೀಡುವ ವೈದ್ಯರ ಪ್ರಮಾಣಪತ್ರವಿದ್ದರೆ, ಅನ್ವಯಿಸದು. ಅಡುಗೆಮನೆಯ ಬೆಂಕಿಯಲ್ಲಿ ಸುಟ್ಟ ಕೈಯ ಚರ್ಮ ಮಾಯುತ್ತಾ ಬಿಗಿದುಕೊಂಡು ಬೆರಳುಗಳು ಮಡಿಚಿಹೋದಾಗ, ಆ ಬಿಗಿತವನ್ನು ಬಿಡಿಸಿ ಹೊಸ ಚರ್ಮ ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಮಾಡುವವರು ಪ್ಲಾಸ್ಟಿಕ್ ಸರ್ಜನ್ನರೇ. ವಿಭಾಗದ ಹೆಸರು ನೋಡಿ ಅದು ಸೌಂದರ್ಯ ಚಿಕಿತ್ಸೆ ಎಂದು ಭಾವಿಸಿ ಕ್ಲೇಮ್ ಮಾಡದೆ ಇರುವುದು ತಪ್ಪು. ಕ್ಯಾನ್ಸರ್‌ಗಾಗಿ ಸ್ತನವನ್ನು ತೆಗೆದ ಮೇಲೆ ಅದನ್ನು ಮರಳಿ ರೂಪಿಸುವ ಶಸ್ತ್ರಚಿಕಿತ್ಸೆಗೂ ಇದೇ ಮಾತು ಸಲ್ಲುತ್ತದೆ. ಹುಟ್ಟಿನಿಂದ ಬಂದ ವಿರೂಪ ಮಾತ್ರ ಆ ಮೂರು ಕಾರಣಗಳಲ್ಲಿ ಇಲ್ಲದಿರುವುದರಿಂದ, ಅದರ ಬಗ್ಗೆ ಪಾಲಿಸಿಯ ಬೇರೆ ಕಡೆ ಏನಿದೆ ಎಂದು ನೋಡಬೇಕಾಗುತ್ತದೆ. ಮೂಗಿನ ಒಳಗಿನ ವಕ್ರವಾದ ಗೋಡೆಯನ್ನು ನೇರಗೊಳಿಸುವ ಶಸ್ತ್ರಚಿಕಿತ್ಸೆ ಉಸಿರಾಟಕ್ಕಾಗಿ, ಮೂಗಿನ ಹೊರ ಆಕಾರವನ್ನು ತಿದ್ದುವುದು ರೂಪಕ್ಕಾಗಿ. ಎರಡನ್ನೂ ಒಂದೇ ಸಲ ಮಾಡಿಸಿಕೊಳ್ಳುವವರು ಬಿಲ್ಲನ್ನು ಬೇರ್ಪಡಿಸಿ ಬರೆಸದಿದ್ದರೆ ಎರಡಕ್ಕೂ ತಕರಾರು ಬರುತ್ತದೆ.

ಹಲ್ಲಿನ ಚಿಕಿತ್ಸೆಗೆ ತಡೆ ಇರುವುದು ಬರೀ ಹೊರತುಪಡಿಕೆಯಲ್ಲಲ್ಲ, ‘ಆಸ್ಪತ್ರೆ ವಾಸ’ ಎಂಬ ಪದದ ವ್ಯಾಖ್ಯಾನದಲ್ಲೂ ಇದೆ. ಸಾಮಾನ್ಯ ಆರೋಗ್ಯ ವಿಮೆಯು ಕನಿಷ್ಠ 24 ಗಂಟೆಗಳ ಸತತ ಒಳರೋಗಿ ಚಿಕಿತ್ಸೆಗೆ ಅನ್ವಯಿಸುತ್ತದೆ. ತಂತ್ರಜ್ಞಾನದ ಪ್ರಗತಿಯಿಂದ ಅಷ್ಟು ಸಮಯ ಬೇಡವಾದ ಡೇ ಕೇರ್ ಚಿಕಿತ್ಸೆಗಳಿಗೆ ವಿನಾಯಿತಿ ಇದ್ದರೂ, ಸಾಮಾನ್ಯವಾಗಿ ಹೊರರೋಗಿಯಾಗಿಯೇ ಪಡೆಯುವ ಚಿಕಿತ್ಸೆ ಡೇ ಕೇರ್ ಅಲ್ಲವೆಂದು ಆ ವ್ಯಾಖ್ಯಾನವೇ ಹೇಳುತ್ತದೆ. ಹಲ್ಲು ತುಂಬಿಸುವುದು, ರೂಟ್ ಕೆನಾಲ್, ಕ್ಯಾಪ್ ಹಾಕಿಸುವುದು ಇವೆಲ್ಲ ಕ್ಲಿನಿಕ್ಕಿನ ಕುರ್ಚಿಯಲ್ಲೇ ನಡೆಯುವುದರಿಂದ, ಹಲ್ಲಿನ ಬಗ್ಗೆ ಪಾಲಿಸಿಯಲ್ಲಿ ಒಂದಕ್ಷರ ಹೇಳದಿದ್ದರೂ ಅವು ಹೊರಗೇ ಉಳಿಯುತ್ತವೆ. ಎಲ್ಲ ಕಂಪನಿಗಳೂ ಒಂದೇ ಷರತ್ತುಗಳಲ್ಲಿ ಮಾರಬೇಕಾದ ಪಾಲಿಸಿಯಾಗಿ 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವನಿ’ಯು ಕಾಯಿಲೆ ಅಥವಾ ಗಾಯದಿಂದ ಅಗತ್ಯವಾದ ಹಲ್ಲಿನ ಚಿಕಿತ್ಸೆಯನ್ನು ಒಳಗೊಳ್ಳುತ್ತದೆ, ಆದರೆ ಅದೂ ಆಸ್ಪತ್ರೆ ವಾಸದ ಚೌಕಟ್ಟಿನೊಳಗೆ ಮಾತ್ರ, ಹೊರರೋಗಿ ವೆಚ್ಚಕ್ಕೆ ಅಲ್ಲಿಯೂ ಜಾಗವಿಲ್ಲ.

ದ್ವಿಚಕ್ರ ವಾಹನದಿಂದ ಬಿದ್ದು ಕೆಳದವಡೆ ಮುರಿದ, ಎದುರಿನ ಎರಡು ಹಲ್ಲುಗಳು ಉದುರಿದ ಒಬ್ಬ ಯುವಕನ ಪ್ರಸಂಗದಲ್ಲಿ ಈ ಗೆರೆ ಎಲ್ಲಿ ಹಾಯುತ್ತದೆ ಎಂದು ನೋಡಬಹುದು. ದವಡೆಗೆ ಲೋಹದ ಪಟ್ಟಿ ಮತ್ತು ಸ್ಕ್ರೂ ಕೂರಿಸಿ ನಾಲ್ಕು ದಿನ ಒಳರೋಗಿಯಾಗಿಟ್ಟುಕೊಂಡರೆ ಆ ವೆಚ್ಚ ಅಪಘಾತದ ಗಾಯದ ಚಿಕಿತ್ಸೆ, ಅದು ಸಲ್ಲುತ್ತದೆ. ಉದುರಿದ ಹಲ್ಲುಗಳ ಜಾಗಕ್ಕೆ ಇಂಪ್ಲಾಂಟ್ ಹಾಕಿಸಲು ಮೂಳೆ ಕೂಡಿಕೊಳ್ಳಬೇಕಾದ್ದರಿಂದ ಕೆಲವು ತಿಂಗಳು ಕಾಯಬೇಕಾಗುವುದು ಸಾಮಾನ್ಯ; ಆರೋಗ್ಯ ಸಂಜೀವನಿಯಲ್ಲಿ ಡಿಸ್ಚಾರ್ಜ್ ನಂತರದ ವೆಚ್ಚಕ್ಕೆ ಇರುವ ಅವಧಿ 60 ದಿನ. ಅದು ಮುಗಿದ ಮೇಲೆ ಕ್ಲಿನಿಕ್ಕಿನಲ್ಲಿ ಆಗುವ ಇಂಪ್ಲಾಂಟ್ ವೆಚ್ಚ, ಕಾರಣ ಅದೇ ಅಪಘಾತವಾಗಿದ್ದರೂ, ಯುವಕನ ಕೈಯಿಂದಲೇ ಹೋಗುತ್ತದೆ. ಹಲವು ಪಾಲಿಸಿಗಳು ಇಂಪ್ಲಾಂಟನ್ನು ಹೆಸರಿಸಿಯೇ ಹೊರಗಿಡುತ್ತವೆ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುವುದುಂಟು: ಬಾಯಿಯ ಕ್ಯಾನ್ಸರ್ ಅಥವಾ ದವಡೆಯ ಗೆಡ್ಡೆಯ ಶಸ್ತ್ರಚಿಕಿತ್ಸೆಯನ್ನು ದಂತವೈದ್ಯ ಪದವಿಯುಳ್ಳ ಬಾಯಿ ಮತ್ತು ದವಡೆಯ ಶಸ್ತ್ರತಜ್ಞರು ಮಾಡಿದಾಗ ಅದಕ್ಕೆ ‘ಹಲ್ಲಿನ ಚಿಕಿತ್ಸೆ’ ಎಂಬ ಹಣೆಪಟ್ಟಿ ಬೀಳಬಹುದು. ಹಲ್ಲು ಮತ್ತು ಹಲ್ಲಿಗೆ ಆಧಾರವಾದ ರಚನೆಗಳಿಗೆ ಸಂಬಂಧಿಸಿದ ಚಿಕಿತ್ಸೆ ಎಂಬ ವ್ಯಾಖ್ಯಾನವನ್ನು ಉಲ್ಲೇಖಿಸಿ, ಗೆಡ್ಡೆಯ ಚಿಕಿತ್ಸೆ ಹಾಗಲ್ಲವೆಂದು ವಾದಿಸಲು ಅಲ್ಲಿ ಅವಕಾಶವಿದೆ.

ಬಂಜೆತನದ 17ನೇ ಸಂಕೇತದಲ್ಲಿ ಅಪವಾದವೇ ಇಲ್ಲ. ಬಂಜೆತನಕ್ಕೆ ಸಂಬಂಧಿಸಿದ ವೆಚ್ಚಗಳೆಂದು ಹೇಳಿ, ಗರ್ಭನಿರೋಧ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ, ಕೃತಕ ಗರ್ಭಧಾರಣೆ, ಪ್ರನಾಳ ಶಿಶು ವಿಧಾನವಾದ ಐವಿಎಫ್ ಮತ್ತು ಅದರ ಸೋದರ ವಿಧಾನಗಳು, ಬಾಡಿಗೆ ತಾಯ್ತನ, ಸಂತಾನಹರಣವನ್ನು ಹಿಂತಿರುಗಿಸುವ ಶಸ್ತ್ರಚಿಕಿತ್ಸೆ ಇವನ್ನೆಲ್ಲ ಅದು ಒಟ್ಟಿಗೆ ಹೊರಗಿಡುತ್ತದೆ. ಕೆಲವು ಕಂಪನಿಗಳು ಹೆಚ್ಚುವರಿ ಪ್ರೀಮಿಯಂ ಪಡೆದು, ದೀರ್ಘ ಕಾಯುವ ಅವಧಿ ಮತ್ತು ಮಿತಿಯ ಮೊತ್ತದೊಂದಿಗೆ ಈ ಚಿಕಿತ್ಸೆಗೂ ರಕ್ಷಣೆ ನೀಡುತ್ತಿವೆ, ಆದರೆ ಮೂಲ ಪಠ್ಯದಲ್ಲಿ ಅದಿಲ್ಲ. ಈ ಸಂಕೇತದ ನಿಜವಾದ ಸಮಸ್ಯೆ ‘ಸಂಬಂಧಿಸಿದ’ ಎಂಬ ಪದದ ಹರವು. ಗರ್ಭಕೋಶದ ಒಳಪದರದಂತಹ ಅಂಗಾಂಶ ಹೊರಗೆ ಬೆಳೆದು ತಿಂಗಳು ತಿಂಗಳೂ ತೀವ್ರ ನೋವು ಕೊಡುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯಿರುವ ಮಹಿಳೆಗೆ, ಅಂಡಾಶಯದಲ್ಲಿ ರಕ್ತ ತುಂಬಿದ ಚೀಲವನ್ನು ಲ್ಯಾಪ್ರೊಸ್ಕೋಪಿಯಿಂದ ತೆಗೆಯುವುದು ಕಾಯಿಲೆಯ ಚಿಕಿತ್ಸೆ. ಅದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಬಹುದೆಂಬುದು ಬೇರೆ ಮಾತು. ಆಕೆ ಮೊದಲು ಹೋದದ್ದು ಮಕ್ಕಳಾಗಲಿಲ್ಲವೆಂಬ ಚಿಂತೆಯಿಂದಲೇ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲಿನಲ್ಲಿ ‘ಪ್ರಾಥಮಿಕ ಬಂಜೆತನ’ ಎಂದಿರುತ್ತದೆ, ನೋವಿನ ಇತಿಹಾಸ ಎಲ್ಲಿಯೂ ಇರುವುದಿಲ್ಲ, ಮತ್ತು ಆ ಒಂದು ಸಾಲಿನ ಆಧಾರದ ಮೇಲೆ ಕ್ಲೇಮ್ ತಿರಸ್ಕೃತವಾಗುತ್ತದೆ. ದಾಖಲೆಯಲ್ಲಿ ಸುಳ್ಳು ಬರೆಸುವುದು ಇದಕ್ಕೆ ಉತ್ತರವಲ್ಲ, ಅದು ವಂಚನೆ. ನೋವು ಯಾವಾಗ ಆರಂಭವಾಯಿತು, ಸ್ಕ್ಯಾನಿನಲ್ಲಿ ಚೀಲದ ಗಾತ್ರ ಎಷ್ಟಿತ್ತು, ಔಷಧಿಯಿಂದ ಗುಣವಾಗಲಿಲ್ಲವೇಕೆ ಎಂಬ ನಿಜಾಂಶಗಳನ್ನು ಪೂರ್ಣವಾಗಿ ಬರೆಯುವಂತೆ ವೈದ್ಯರನ್ನು ಡಿಸ್ಚಾರ್ಜ್‌ಗೆ ಮೊದಲೇ ಕೇಳುವುದೇ ಸರಿಯಾದ ದಾರಿ. ಇಂತಹ ಕಾಯಿಲೆಗಳು ಬಹಳಷ್ಟು ಪಾಲಿಸಿಗಳಲ್ಲಿ 2ನೇ ಸಂಕೇತದ ಕಾಯುವ ಅವಧಿಯ ಪಟ್ಟಿಯಲ್ಲಿ ಇರುತ್ತವೆ. ಅಲ್ಲಿ ಆ ಕಾಯಿಲೆಯ ಹೆಸರಿದ್ದರೆ, ಅವಧಿ ಮುಗಿದ ಮೇಲೆ ಅದಕ್ಕೆ ಹಣ ಕೊಡುವುದನ್ನು ಪಾಲಿಸಿಯೇ ಒಪ್ಪಿಕೊಂಡಿದೆ ಎಂಬ ವಾದಕ್ಕೂ ಬಲ ಬರುತ್ತದೆ.

ಕಾನೂನು ಒಂದು ಕಡೆ ಈ ಹೊರತುಪಡಿಕೆಯನ್ನು ದಾಟಿದೆ. ಬಾಡಿಗೆ ತಾಯ್ತನದ ನಿಯಂತ್ರಣಕ್ಕಾಗಿ 2021ರಲ್ಲಿ ಬಂದ ಕಾಯ್ದೆಯ ಪ್ರಕಾರ, ಮಗು ಬಯಸುವ ದಂಪತಿ ಗರ್ಭ ಹೊರುವ ಮಹಿಳೆಗೆ 36 ತಿಂಗಳ ವಿಮೆ ಮಾಡಿಸಲೇಬೇಕು. ಅದೇ ವರ್ಷದ ಸಹಾಯಕ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ ಅಂಡಾಣು ದಾನಿಗೆ 12 ತಿಂಗಳ ವಿಮೆ ಬೇಕು. ದಂಪತಿಯ ಸ್ವಂತ ಪಾಲಿಸಿಯಿಂದ ಇದು ಒದಗುವುದಿಲ್ಲ, ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ.

ಇವನ್ನೆಲ್ಲ ಓದಲು ಪಾಲಿಸಿಯ ಹತ್ತಾರು ಪುಟಗಳಲ್ಲಿ ಮೂರು ಕಡೆ ಬೆರಳಿಟ್ಟುಕೊಂಡರೆ ಸಾಕು: ವ್ಯಾಖ್ಯಾನಗಳು, ಸಂಕೇತ ಸಂಖ್ಯೆಯ ಹೊರತುಪಡಿಕೆಗಳು, ಮತ್ತು ಅವುಗಳ ಕೆಳಗೆ ಬರುವ ಸಂಕೇತವಿಲ್ಲದ ಹೊರತುಪಡಿಕೆಗಳು. ಪಾಲಿಸಿಯೊಂದಿಗೆ ಕೊಡಬೇಕಾದ ಗ್ರಾಹಕ ಮಾಹಿತಿ ಪತ್ರದಲ್ಲಿ ಇವುಗಳ ಸಾರಾಂಶವೂ ಮೂಲ ಷರತ್ತಿನ ಸಂಖ್ಯೆಯೂ ಇರುತ್ತವೆ, ಕೇಳಿದವರಿಗೆ ಅದನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂತಿರುಗಿಸುವ ಹಕ್ಕಿದೆ. ಹೊರತುಪಡಿಕೆಗಳನ್ನು ಓದಲು ತಕ್ಕ ಕಾಲ ಅದೇ. ಸತತ 60 ತಿಂಗಳು ನವೀಕರಿಸಿದ ಪಾಲಿಸಿಯ ಕ್ಲೇಮನ್ನು ಮಾಹಿತಿ ಮುಚ್ಚಿಟ್ಟಿದ್ದೀರೆಂಬ ಕಾರಣಕ್ಕೆ, ವಂಚನೆ ಸಾಬೀತಾಗದ ಹೊರತು, ಪ್ರಶ್ನಿಸುವಂತಿಲ್ಲವೆಂಬ ನಿಯಮವನ್ನು ಓದಿ ಕೆಲವರು ಎಲ್ಲ ಹೊರತುಪಡಿಕೆಗಳೂ ಅಲ್ಲಿಗೆ ಮುಗಿದವೆಂದು ತಿಳಿಯುತ್ತಾರೆ. ಹಾಗಲ್ಲ, ಐವಿಎಫ್ ವೆಚ್ಚ 61ನೇ ತಿಂಗಳಲ್ಲೂ ಹೊರಗೇ ಇರುತ್ತದೆ.

ತಿರಸ್ಕಾರದ ಪತ್ರ ಬಂದಾಗ ಅದರಲ್ಲಿ ಯಾವ ಷರತ್ತಿನಡಿ ನಿರಾಕರಿಸಲಾಗಿದೆ ಎಂಬ ಉಲ್ಲೇಖವಿರಬೇಕು. ಆ ಷರತ್ತಿನ ಪೂರ್ಣ ಪಠ್ಯವನ್ನು ತೆರೆದು, ಪತ್ರದಲ್ಲಿ ಬಿಟ್ಟುಹೋದ ಅಪವಾದವಿದೆಯೇ ಎಂದು ನೋಡಿ, ಇದ್ದರೆ ಅದಕ್ಕೆ ಪೂರಕವಾದ ದಾಖಲೆಗಳೊಂದಿಗೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಹೊರತುಪಡಿಕೆ ಅನ್ವಯಿಸುತ್ತದೆ ಎಂದು ಸಾಬೀತುಪಡಿಸುವ ಹೊಣೆ ಕಂಪನಿಯದೆಂದೂ, ಪಠ್ಯ ಅಸ್ಪಷ್ಟವಾಗಿದ್ದರೆ ಅದನ್ನು ಬರೆದ ಕಂಪನಿಯ ವಿರುದ್ಧವಾಗಿ ಅರ್ಥೈಸಬೇಕೆಂದೂ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಯಾವ ದಿನದ ತೂಕ, ಎಷ್ಟು ಸಕ್ಕರೆ ಎಂಬಂತಹ ಪ್ರಶ್ನೆಗಳಲ್ಲಿ ಈ ತತ್ವವನ್ನು ಪತ್ರದಲ್ಲಿ ಉಲ್ಲೇಖಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳು ಅಲ್ಲಿ ಬರುತ್ತವೆ, ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.